ಸೀರೆಗಳಿಗೆ ಕೋಡ್ ಹಚ್ಚಿದ ಭಾನುವಾರ

ದಾಳಿಂಬೆ ಬಣ್ಣದ ಇಳಕಲ್ ಸೀರೆ ಒಂದೇ ವಾರದಲ್ಲಿ ಮೂರು ವಾಪಸ್ ಬಂದವು. ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತ್ತು. ಅದೇ ಗೋಮಿ ದಡಿಯ ಸೀರೆ ಕಪಾಟಿನಲ್ಲಿ ಇನ್ನೂ 23 ಇದ್ದವು. ಬಂದಿದ್ದು ಇಬ್ಬರು ನೇಕಾರರಿಂದ, ಚೀಟಿಯ ಮೇಲೆ ಮಾತ್ರ ಒಂದೇ ಕೋಡ್. ಯಾವುದು ಯಾರದು ಅಂತ ಗೊತ್ತಾಗದೆ ಎಲ್ಲವನ್ನೂ ಮಾರಾಟದಿಂದ ತೆಗೆದಿಟ್ಟೆ. ಹಬ್ಬದ ಹೊತ್ತಿನಲ್ಲಿ ಹಾಗೆ ತೆಗೆದಿಡೋದು ಸಂಕಟದ ಕೆಲಸ.

ಆ ರಾತ್ರಿಯೇ ಹೊಸ ಎಸ್‌ಕೆಯು, ಅಂದರೆ ಒಂದೊಂದು ಬಗೆಯ ಸರಕಿಗೂ ಕೊಡುವ ಕೋಡ್, ಬರೆದೆ. ಡಿಸೈನ್ ನಂಬರ್, ನೇಕಾರರ ಅಕ್ಷರ, ಬಣ್ಣದ ನಂಬರ್, ಹೀಗೆ `24E05`. ಬೆಳಿಗ್ಗೆ ನನ್ನ ತಮ್ಮ ಆ ಕೋಡ್‌ಗಳ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ಅಲ್ಲಿ `2.40E+06` ಅಂತಿತ್ತು. ಅಂಕಿಗಳ ನಡುವೆ ಒಂದು E ಬಂದರೆ ಎಕ್ಸೆಲ್ ಅದನ್ನು ದೊಡ್ಡ ಸಂಖ್ಯೆ ಅಂದುಕೊಳ್ಳುತ್ತದೆ. `240E04` ಅನ್ನೋ ಬೇರೆ ಸೀರೆಯೂ ಅದೇ ಆಗಿಬಿಟ್ಟಿತ್ತು. ಹಾಗೇ ಸೇವ್ ಮಾಡಿದರೆ ಮೂಲ ಕೋಡ್ ಹೋದಂತೆಯೇ.

ಭಾನುವಾರ ಮತ್ತೆ ಮೊದಲಿಂದ ಕೂತೆವು. ಈ ಸಲ ಅಕ್ಷರದಿಂದಲೇ ಶುರು, ನಡುವೆ ಗೆರೆ:

```
GOM-DLM-6-W07
```

ಗೋಮಿ ದಡಿ, ದಾಳಿಂಬೆ ಬಣ್ಣ, ಆರು ಗಜ, ಏಳನೇ ನೇಕಾರರು. ಬಣ್ಣಕ್ಕೆ ನೇಕಾರರು ಆಡುವ ಹೆಸರನ್ನೇ ಹಿಡಿದೆವು. ನವಿಲು `NVL`, ಗಿಳಿ ಹಸಿರು `GLI`. ಪ್ಯಾಕ್ ಮಾಡುವ ಹುಡುಗಿ ಓದಿದ ಕೂಡಲೇ ಸೀರೆ ಕಣ್ಣಿಗೆ ಬರಬೇಕು, ಅಲ್ವಾ? ಹಿಂದೆ ಮರೂನ್‌ಗೆ ನಾನು `MRN` ಬರೆದರೆ ತಮ್ಮ `MAR` ಬರೆಯುತ್ತಿದ್ದ, ಒಂದೇ ಸೀರೆ ಎರಡು ಲೆಕ್ಕವಾಗುತ್ತಿತ್ತು. ಈಗ ಒಂದೇ ಪಟ್ಟಿ. ಅದರಲ್ಲಿ ಇಲ್ಲದ ಅಕ್ಷರ ಚೀಟಿಗೆ ಬರುವಂತಿಲ್ಲ.

ಜಾಸ್ತಿ ಚರ್ಚೆಯಾಗಿದ್ದು ನೇಕಾರರ ಗುರುತು ಎಲ್ಲಿರಬೇಕು ಅಂತ. ತಮ್ಮ ಮುಂದಿಡೋಣ ಅಂದ. ನಾನು ಕೊನೆಗೇ ಬೇಕು ಅಂದೆ. ಕೊಳ್ಳುವವರಿಗೆ ಅದು ಒಂದೇ ಸೀರೆ. ಕೊನೆಯ ಗೆರೆಗೆ ಕತ್ತರಿಸಿದರೆ ಉಳಿಯುವ `GOM-DLM-6` ನಮ್ಮ ವೆಬ್‌ಸೈಟಿಗೆ ಸಾಕು. ನೇಕಾರರು ಬದಲಾದರೂ ಆ ಪುಟ, ಅದರ ಫೋಟೊ ಬದಲಾಗಲ್ಲ. ಪೂರ್ತಿ ಕೋಡ್ ಕಪಾಟಿಗೆ ಮತ್ತು ಬಿಲ್ಲಿಗೆ. ಬೆಲೆಯನ್ನು ಒಳಗೆ ಸೇರಿಸಲಿಲ್ಲ, ಅದು ಬದಲಾಗುತ್ತಲೇ ಇರುತ್ತದೆ. ಯಾವ ಸಲ ಹಾಕಿದ ಬಣ್ಣ ಅನ್ನೋದನ್ನೂ ಸೇರಿಸಲಿಲ್ಲ, ಸೇರಿಸಿದರೆ ಪ್ರತಿ ಲೋಡಿಗೂ ಹೊಸ ಎಸ್‌ಕೆಯು ಹುಟ್ಟುತ್ತದೆ. ಅದರ ಬದಲು ಚೀಟಿಯ ಕೆಳಗೆ ಖರೀದಿ ಬಿಲ್ ನಂಬರ್ ಬರೆಯುತ್ತೇವೆ. ಹಳೆಯ ಕೋಡ್‌ಗಳನ್ನು ಹಾಳೆಯಲ್ಲಿ ಪಕ್ಕದ ಕಾಲಮ್ಮಿನಲ್ಲಿ ಉಳಿಸಿಕೊಂಡೆವು. ಅವನ್ನು ಬೇರೆ ಸೀರೆಗೆ ಕೊಡಲ್ಲ, ಹಳೆ ಸೀರೆ ವಾಪಸ್ ಬಂದರೆ ಗೊಂದಲವಾಗುತ್ತದೆ.

ಆ 23 ಸೀರೆಗಳಿಗೆ ಮಾತ್ರ ಕೋಡ್ ಹಚ್ಚೋದು ಕಷ್ಟವಾಯಿತು. ಕೊನೆಗೆ ಇಬ್ಬರು ನೇಕಾರರನ್ನೂ ಕರೆಸಿದೆವು. ಅವರು ಸೆರಗು ಜೋಡಿಸಿದ ಜಾಗ ನೋಡಿ ತಮ್ಮ ತಮ್ಮ ಸೀರೆ ಬೇರೆ ಮಾಡಿಕೊಟ್ಟರು. `W03` ಹದಿನಾಲ್ಕು, `W07` ಒಂಬತ್ತು. ಒದ್ದೆ ಬಿಳಿ ಬಟ್ಟೆಯಿಂದ ಒಂದೊಂದನ್ನೂ ಉಜ್ಜಿದೆ. ಹದಿನಾಲ್ಕರಲ್ಲಿ ಬಟ್ಟೆ ಬಿಳಿಯಾಗೇ ಇತ್ತು. ಸಂಜೆಯೇ ಅವು ಮತ್ತೆ ಮಾರಾಟಕ್ಕೆ ಹೋದವು.