‘ಮಲಗಿದ್ದಾನೆ ಸಿಸ್ಟರ್, ಎಬ್ಬಿಸಬೇಡಿ’

ಜಿಎನ್‌ಎಂ ನರ್ಸಿಂಗ್ ಕೋರ್ಸಿನ ಎರಡನೇ ವರ್ಷದಲ್ಲಿ ನಮ್ಮ ಮೇಡಂ ಒಂದು ಹಳೆಯ ಬಿಸ್ಕತ್ ಡಬ್ಬ ತರುತ್ತಿದ್ದರು. ಅದರಲ್ಲಿ ಬಿಸ್ಕತ್ ಇರಲಿಲ್ಲ, ಕೈಬರಹದ ಕಾರ್ಡ್‌ಗಳಿದ್ದವು. ಪ್ರತಿ ಕಾರ್ಡ್‌ನಲ್ಲೂ ತಲೆಗೆ ಪೆಟ್ಟಾದ ಒಬ್ಬ ರೋಗಿ. ಬೈಕಿನಿಂದ ಬಿದ್ದವನು, ತೆಂಗಿನಮರದಿಂದ ಬಿದ್ದವನು, ಬಚ್ಚಲಲ್ಲಿ ಜಾರಿದ ಅಜ್ಜಿ. ನಾವು ಇಪ್ಪತ್ತು ಜನ ಡೆಮೊ ರೂಮಿನಲ್ಲಿ ಮಂಚದ ಸುತ್ತ ನಿಲ್ಲುತ್ತಿದ್ದೆವು. ಒಬ್ಬಳು ಮಂಚದ ಮೇಲೆ ರೋಗಿ. ಉಳಿದವರ ಕೈಯಲ್ಲಿ ಖಾಲಿ ಚಾರ್ಟ್ ಮತ್ತು ಪೆನ್ನು.

ರೋಗಿಗೆ ಎಷ್ಟು ಎಚ್ಚರ ಇದೆ ಎಂದು ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್, ಅಂದರೆ ಜಿಸಿಎಸ್, ನಮಗೆ ಅಷ್ಟರಲ್ಲಿ ಬಾಯಿಪಾಠವಾಗಿತ್ತು. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6. ಒಟ್ಟು 15. ಏನೂ ಇಲ್ಲದಿದ್ದರೂ 3, ಸೊನ್ನೆ ಬರುವುದಿಲ್ಲ. ಪರೀಕ್ಷೆಗೆ ಇಷ್ಟು ಸಾಕಾಗಿತ್ತು. ಮೇಡಂಗೆ ಸಾಕಾಗುತ್ತಿರಲಿಲ್ಲ.

ಮೊದಲ ದಿನ ಅವರು ಕೇಳಿದ ಪ್ರಶ್ನೆ ಇದು: ‘ಸೆಮಿಕಾನ್ಶಿಯಸ್ ಅಂದರೆ ಏನು?’ ಒಬ್ಬಳು ‘ಅರ್ಧ ಎಚ್ಚರ’ ಎಂದಳು. ‘ಯಾವ ಅರ್ಧ?’ ಅಂದರು. ಯಾರೂ ಮಾತಾಡಲಿಲ್ಲ. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ಈ ಅಳತೆ ಬರೆದದ್ದು ಇದಕ್ಕೇ ಎಂದು ಆಮೇಲೆ ಹೇಳಿದರು. ಒಬ್ಬ ‘ಮಂಪರು’ ಎಂದು ಬರೆದರೆ ಮುಂದಿನ ಪಾಳಿಯವನಿಗೆ ಅದು ಬೇರೆ ಏನೋ ಅರ್ಥವಾಗುತ್ತಿತ್ತು. ಅದಕ್ಕೆ ಅವರು ಹೆಸರು ಕೊಡುವುದನ್ನು ಬಿಟ್ಟು, ಕಣ್ಣಿಗೆ ಕಂಡದ್ದನ್ನು ಬರೆಯಿರಿ ಎಂದರು. ಕಣ್ಣು ಬಿಟ್ಟನಾ? ಏನು ಹೇಳಿದ? ಕೈ ಎಲ್ಲಿಗೆ ಹೋಯಿತು? ಅಷ್ಟೇ. (ನಮ್ಮ ವಾರ್ಡ್‌ಗಳಲ್ಲಿ ‘ಸೆಮಿಕಾನ್ಶಿಯಸ್’ ಇವತ್ತಿಗೂ ಹೋಗಿಲ್ಲ, ಅದು ಬೇರೆ ಮಾತು.)

ಡಬ್ಬದ ಕಾರ್ಡ್‌ಗಳಲ್ಲಿ ನನಗೆ ಇವತ್ತಿಗೂ ಸಾಲುಸಾಲಾಗಿ ನೆನಪಿರುವುದು ಒಂದೇ. ಇಪ್ಪತ್ತನಾಲ್ಕು ವರ್ಷದ ಹುಡುಗ, ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದಿದ್ದಾನೆ. ಬಲ ಕಪಾಳದ ಮೇಲ್ಭಾಗಕ್ಕೆ, ಕಿವಿಯ ಮುಂದೆ ಪೆಟ್ಟು. ಬಿದ್ದಾಗ ಎರಡು ನಿಮಿಷ ಎಚ್ಚರ ಇರಲಿಲ್ಲವಂತೆ, ಆಮೇಲೆ ತಾನೇ ಎದ್ದು ಆಟೊ ಹತ್ತಿ ಬಂದಿದ್ದಾನೆ. ಮೇಡಂ ಸಾಲುಗಳನ್ನು ಕಾಗದದಿಂದ ಮುಚ್ಚಿಟ್ಟು, ಒಂದೊಂದಾಗಿ ಸರಿಸಿ ಓದುತ್ತಿದ್ದರು. ನಾವು ಬರೆಯಬೇಕು.

ರಾತ್ರಿ 8 ಗಂಟೆ. ಕಣ್ಣು ತಾನಾಗಿ ಬಿಟ್ಟಿದ್ದಾನೆ, ಹೆಸರು, ಊರು, ತಿಂಗಳು ಸರಿಯಾಗಿ ಹೇಳುತ್ತಾನೆ, ನಾಲಿಗೆ ತೋರಿಸು ಎಂದರೆ ತೋರಿಸುತ್ತಾನೆ. ಎರಡೂ ಪಾಪೆ 3 ಮಿಲಿಮೀಟರ್, ಟಾರ್ಚ್ ಬಿಟ್ಟ ಕೂಡಲೇ ಕಿರಿದಾಗುತ್ತವೆ. ಪಲ್ಸ್ 88, ಬಿಪಿ 124/80. ಎಲ್ಲರೂ 15 ಎಂದು ಬರೆದೆವು.

8:30. ಅದೇ 15. ತಲೆನೋವು ಜಾಸ್ತಿ ಎನ್ನುತ್ತಾನೆ, ಒಂದು ಸಲ ವಾಂತಿಯಾಗಿದೆ.

9 ಗಂಟೆ. ಮೇಡಂ ಓದಿದರು: ‘ಕಣ್ಣು ಮುಚ್ಚಿದ್ದಾನೆ. ಹೆಸರು ಹಿಡಿದು ಕರೆದರೆ ಬಿಡುತ್ತಾನೆ. ಕೇಳಿದ್ದಕ್ಕೆಲ್ಲ ಸರಿ ಉತ್ತರ. ಮಾತು ನಿಲ್ಲಿಸಿದರೆ ಮತ್ತೆ ಕಣ್ಣು ಮುಚ್ಚುತ್ತಾನೆ. ಅವನ ಅಮ್ಮ ಹೇಳುತ್ತಾರೆ: ಮಲಗಿದ್ದಾನೆ ಸಿಸ್ಟರ್, ಎಬ್ಬಿಸಬೇಡಿ, ಸುಸ್ತಾಗಿದೆ.’

ನಾನು ಬರೆದದ್ದು: ‘ನಿದ್ದೆಯಲ್ಲಿದ್ದಾನೆ. 15.’ ನಾನೊಬ್ಬಳೇ ಅಲ್ಲ. ಇಪ್ಪತ್ತರಲ್ಲಿ ಹನ್ನೆರಡು ಜನ ಅದನ್ನೇ ಬರೆದಿದ್ದರು. ರಾತ್ರಿ ಒಂಬತ್ತು ಗಂಟೆ, ಪೆಟ್ಟು ತಿಂದು ಬಂದ ಹುಡುಗ, ನಿದ್ದೆ ಬರದೆ ಇನ್ನೇನು?

ಮೇಡಂ ಏನೂ ಹೇಳದೆ ಮುಂದಿನ ಸಾಲು ತೆರೆದರು. 9:30. ಕರೆದರೆ ಕಣ್ಣು ಬಿಡುತ್ತಾನೆ. ಎಲ್ಲಿದ್ದೀಯ ಎಂದರೆ ‘ಮನೇಲಿ’ ಎನ್ನುತ್ತಾನೆ. ಹೇಳಿದ್ದು ಮಾಡುತ್ತಾನೆ. ಕಣ್ಣು ಇ3, ಮಾತು ವಿ4, ಚಲನೆ ಎಂ6, ಒಟ್ಟು 13.

10 ಗಂಟೆ. ಕರೆದರೆ ಕಣ್ಣು ಬಿಡುವುದಿಲ್ಲ, ಉಗುರಿನ ತುದಿ ಒತ್ತಿದರೆ ಬಿಡುತ್ತಾನೆ. ‘ಅಮ್ಮ’, ‘ಬೇಡ’ ಇಂಥ ಬಿಡಿ ಮಾತು. ಹೆಗಲ ಸ್ನಾಯು ಹಿಂಡಿದರೆ ಬಲಗೈ ಮೇಲೆ ಬಂದು ನಮ್ಮ ಕೈ ತಳ್ಳುತ್ತದೆ, ಎಡಗೈ ಸರಿಯಾಗಿ ಏಳುವುದಿಲ್ಲ. ಬಲ ಪಾಪೆ 5 ಮಿಲಿಮೀಟರ್, ಬೆಳಕಿಗೆ ನಿಧಾನ. ಪಲ್ಸ್ 60, ಬಿಪಿ 158/90. ಇ2 ವಿ3 ಎಂ5, ಒಟ್ಟು 10.

‘ಡಾಕ್ಟರನ್ನು ಯಾವಾಗ ಕರೆದಿರಿ?’ ಎಂದು ಕೇಳಿದರು. ಮುಕ್ಕಾಲು ಕ್ಲಾಸು ‘ಹತ್ತು ಗಂಟೆಗೆ’ ಎಂದಿತು. ಪಾಪೆ ಹಿಗ್ಗಿದೆ, ಪಲ್ಸ್ ಇಳಿದಿದೆ, ಬಿಪಿ ಏರಿದೆ. ಪುಸ್ತಕದಲ್ಲಿ ಇದ್ದದ್ದೆಲ್ಲ ಅಲ್ಲಿ ಒಟ್ಟಿಗೆ ಬಂದಿತ್ತು, ಅಲ್ವಾ? ‘ಪುಸ್ತಕದಲ್ಲಿ ಇರುವುದೆಲ್ಲ ಬರುವ ಹೊತ್ತಿಗೆ ತಡವಾಗಿರುತ್ತೆ’ ಎಂದರು ಮೇಡಂ.

ಆಮೇಲೆ ಕಪ್ಪುಹಲಗೆ ಮೇಲೆ ತಲೆಬುರುಡೆ ಬರೆದರು. ಕಪಾಳದ ಮೇಲ್ಭಾಗದಲ್ಲಿ, ಕಿವಿಯ ಮುಂದೆ ಮೂಳೆ ತೆಳು. ಅದರ ಒಳಮೈಗೆ ಅಂಟಿಕೊಂಡು ಒಂದು ಅಪಧಮನಿ ಹೋಗುತ್ತದೆ. ಮೂಳೆ ಬಿರಿದಾಗ ಅದು ಹರಿಯಬಹುದು. ಆಗ ಮೂಳೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ತುಂಬುತ್ತಾ ಹೋಗುತ್ತದೆ. ಮೊದಲು ಮಿದುಳು ಜಾಗ ಬಿಟ್ಟುಕೊಡುತ್ತದೆ, ಆ ಹೊತ್ತಿನಲ್ಲೇ ಹುಡುಗ ಎದ್ದು ಆಟೊ ಹತ್ತುವುದು, 15 ಅಂಕ ಗಳಿಸುವುದು. ಜಾಗ ಮುಗಿದ ಮೇಲೆ ಮಿದುಳು ಕೆಳಕ್ಕೆ ಜರುಗುತ್ತದೆ, ಪಾಪೆಯನ್ನು ಕಿರಿದಾಗಿಸುವ ನರವನ್ನು ಅಮುಕುತ್ತದೆ. ಅದಕ್ಕೇ ಪೆಟ್ಟಾದ ಬದಿಯ ಪಾಪೆ ಹಿಗ್ಗುವುದು. ಪಲ್ಸ್ ಇಳಿದು ಬಿಪಿ ಏರುವುದು ಇನ್ನೂ ಕೊನೆಯ ಮಾತು. ಕಾರ್ಡ್‌ನಲ್ಲಿ ಇದಕ್ಕೆಲ್ಲ ಮುಂಚೆ, ಅಂಕಗಳಲ್ಲಿ ಮೊದಲು ಬದಲಾದದ್ದು 9 ಗಂಟೆಯ ಕಣ್ಣು. ನಾವು ‘ನಿದ್ದೆ’ ಎಂದು ಬರೆದು ದಾಟಿಸಿದ ಕಣ್ಣು.

ಹಾಗಾದರೆ ನಿದ್ದೆಯನ್ನೂ ಮಂಪರನ್ನೂ ಬೇರೆ ಮಾಡುವುದು ಹೇಗೆ? ಮಲಗಿದವನನ್ನು ದೂರದಿಂದ ನೋಡಿ ಅಂಕ ಹಾಕುವಂತಿಲ್ಲ. ಪೂರ್ತಿ ಎಬ್ಬಿಸಬೇಕು, ಆಮೇಲೆ ಶುರು ಮಾಡಬೇಕು. ಬರೀ ನಿದ್ದೆಯಾದರೆ ಎದ್ದವನು ಎಚ್ಚರವಾಗಿಯೇ ಇರುತ್ತಾನೆ, ನಾವು ಸುಮ್ಮನಾದರೂ ನಮ್ಮನ್ನು ನೋಡುತ್ತಿರುತ್ತಾನೆ. ಅದು 4. ಕರೆದಾಗ ಮಾತ್ರ ಬಿಟ್ಟು, ಬಿಟ್ಟಕೂಡಲೇ ಮುಚ್ಚಿಕೊಂಡರೆ ಅದು 3, ಆ ಹುಡುಗನ ಒಟ್ಟು 14. ಆ 9 ಗಂಟೆಯ ಸಾಲಿನಲ್ಲಿ ‘ಮಾತು ನಿಲ್ಲಿಸಿದರೆ ಮತ್ತೆ ಕಣ್ಣು ಮುಚ್ಚುತ್ತಾನೆ’ ಎಂದು ಮೇಡಂ ಬೇಕೆಂದೇ ಬರೆದಿದ್ದರು. ನಮಗೆ ಕೇಳಿಸಿದ್ದು ಅಮ್ಮನ ಮಾತು ಮಾತ್ರ.

14 ಬಂದರೆ ಏನು ಮಾಡಬೇಕು ಎಂಬುದನ್ನೂ ಅದೇ ಕಾರ್ಡ್‌ನಿಂದ ಕಲಿಸಿದರು. ಇನ್ನೊಬ್ಬ ಸಿಸ್ಟರನ್ನು ಕರೆದು ಇಬ್ಬರೂ ಒಟ್ಟಿಗೆ ನೋಡಬೇಕು, ಯಾಕೆಂದರೆ ಒಂದು ಅಂಕ ನೋಡುವವರ ಮೇಲೂ ಹೋಗುತ್ತದೆ. ಒಂದು ಅಂಕ ಇಳಿದದ್ದು ಅರ್ಧ ಗಂಟೆ ಹಾಗೇ ಉಳಿದರೆ ಡಾಕ್ಟರಿಗೆ ಹೇಳಲೇಬೇಕು. ತಲೆನೋವು ಏರುತ್ತಿದ್ದರೆ, ವಾಂತಿ ನಿಲ್ಲದಿದ್ದರೆ ಆ ಅರ್ಧ ಗಂಟೆಗೂ ಕಾಯುವಂತಿಲ್ಲ. ಜೊತೆಗೆ ಯಾರೂ ಸಿಗಲಿಲ್ಲವೆಂದು ಫೋನ್ ತಡಮಾಡಬಾರದು. ಫೋನಿನಲ್ಲಿ ‘ಜಿಸಿಎಸ್ 14’ ಎಂದರೆ ಬೈಯುತ್ತಿದ್ದರು. ‘ಎಂಟೂವರೆಗೆ ತಾನಾಗಿ ಕಣ್ಣು ಬಿಟ್ಟಿದ್ದ, ಈಗ ಕರೆದರೆ ಮಾತ್ರ ಬಿಡುತ್ತಾನೆ, ಮಾತು ಕೈಕಾಲು ಮೊದಲಿನಂತೆ ಇವೆ’ ಎನ್ನಬೇಕು. ಒಟ್ಟು ಅಂಕ ಯಾವುದು ಇಳಿಯಿತು ಎಂದು ಹೇಳುವುದಿಲ್ಲ.

ಮಂಚದ ಮೇಲೆ ಮಲಗಿ ರೋಗಿಯಾಗುವ ಪಾಳಿ ನನಗೂ ಬಂತು. ಗೆಳತಿ ನನ್ನ ಉಗುರಿನ ತುದಿಗೆ ಪೆನ್ನಿಟ್ಟು ಒತ್ತಿದಳು, ನಾನು ಕೈ ಎಳೆದುಕೊಂಡೆ. ಎಂ4 ಎಂದು ಬರೆದಳು. ಮೇಡಂ ಬಂದು ನನ್ನ ಕತ್ತು-ಹೆಗಲ ನಡುವಿನ ಸ್ನಾಯುವನ್ನು ಹಿಂಡಿದರು. ಪಾತ್ರದಲ್ಲಿದ್ದ ನನ್ನ ಕೈ ತಾನಾಗಿ ಮೇಲೆ ಹೋಗಿ ಅವರ ಕೈ ಹಿಡಿಯಿತು. ‘ಕಾಲರ್ ಬೋನಿನ ಮೇಲಕ್ಕೆ ಕೈ ಬಂತಲ್ಲ, ಇದು 5’ ಎಂದರು. ಬೆರಳು ಒತ್ತಿದರೆ ಕೈ ಎಳೆದುಕೊಳ್ಳುವುದು ಮಾತ್ರ ಗೊತ್ತಾಗುತ್ತದೆ, ನೋವಿನ ಜಾಗ ಹುಡುಕಿಕೊಂಡು ಕೈ ಬರುತ್ತದೆಯಾ ಎಂದು ತಿಳಿಯಲು ಮೇಲೆಯೇ ಒತ್ತಬೇಕು. ಹೆಚ್ಚೆಂದರೆ 10 ಸೆಕೆಂಡ್, ನಿಧಾನವಾಗಿ ಏರಿಸುತ್ತ. ಎದೆಮೂಳೆ ಉಜ್ಜುವುದನ್ನು ನಮ್ಮ ಕ್ಲಾಸಿನಲ್ಲಿ ಯಾರಾದರೂ ಮಾಡಿದರೆ ಅವರ ಕೈಗೇ ಸ್ಕೇಲಿನ ಏಟು ಬೀಳುತ್ತಿತ್ತು. ಎದೆಯ ಮೇಲೆ ಕಪ್ಪು ಕಲೆ ಬೀಳುವಷ್ಟು ಉಜ್ಜಿದ ರೋಗಿಗಳನ್ನು ಅವರು ನೋಡಿದ್ದರಂತೆ.

‘ಕೈ ಅಮುಕು’ ಎಂದಷ್ಟೇ ಕೇಳಿದರೆ ಮೇಡಂ ಒಪ್ಪುತ್ತಿರಲಿಲ್ಲ. ಅಂಗೈಗೆ ಏನಾದರೂ ತಾಗಿದರೆ ಬೆರಳು ಮುಚ್ಚಿಕೊಳ್ಳುವುದು ಪ್ರಜ್ಞೆ ಇಲ್ಲದವರಲ್ಲೂ ಇರಬಹುದು. ‘ಅಮುಕು’ ಎಂದ ಮೇಲೆ ‘ಬಿಡು’ ಎಂದೂ ಹೇಳಬೇಕು, ಬಿಟ್ಟರೆ ಮಾತ್ರ 6.

ಇನ್ನು ಬಚ್ಚಲಲ್ಲಿ ಜಾರಿದ ಅಜ್ಜಿ. ಯಾವ ತಿಂಗಳು ಎಂದರೆ ‘ಶ್ರಾವಣ’ ಎನ್ನುತ್ತಾಳೆ ಎಂದು ಕಾರ್ಡ್‌ನಲ್ಲಿತ್ತು. ನಾವು ಅರ್ಧ ಜನ ಗೊಂದಲ ಎಂದು 4 ಕೊಟ್ಟೆವು. ಮೇಡಂ ಕ್ಯಾಲೆಂಡರ್ ತೆಗೆದು ತೋರಿಸಿದರು, ಶ್ರಾವಣವೇ ನಡೆಯುತ್ತಿತ್ತು. ‘ಗೊಂದಲ ಅಜ್ಜಿಗಲ್ಲ, ನಿಮಗೆ.’ ತಾರೀಕು, ಪ್ರಧಾನಿ ಹೆಸರು ಇವೆಲ್ಲ ಅವರು ಕೇಳಿಸುತ್ತಿರಲಿಲ್ಲ. ಯಾರು, ಎಲ್ಲಿ, ಯಾವ ತಿಂಗಳು. ಅದೂ ರೋಗಿಯ ಭಾಷೆಯಲ್ಲಿ. ತುಳು ಮಾತ್ರ ಬರುವ ಅಜ್ಜನಿಗೆ ಕನ್ನಡದಲ್ಲಿ ಕೇಳಿ 3 ಹಾಕಿದರೆ ಅದು ಅಜ್ಜನ ಅಂಕ ಅಲ್ಲ. ಕಣ್ಣು ಊದಿ ಮುಚ್ಚಿಹೋಗಿದ್ದರೆ, ಗಂಟಲಲ್ಲಿ ಟ್ಯೂಬ್ ಇದ್ದರೆ ಅಲ್ಲೂ 1 ಹಾಕುವಂತಿಲ್ಲ. ನೋಡಲಾಗಲಿಲ್ಲ ಎಂದು ಬರೆದು, ಯಾಕೆ ಎಂದೂ ಬರೆಯಬೇಕು.

ಕೆಲಸಕ್ಕೆ ಸೇರಿದ ಮೊದಲ ವರ್ಷ, ರಾತ್ರಿ ಪಾಳಿ. ಜೂನ್ ತಿಂಗಳ ಮಳೆಯಲ್ಲಿ ಜಾರಿ ಬಿದ್ದ ಒಬ್ಬ ಹುಡುಗ ನನ್ನ ಪಾಲಿಗೆ ಬಂದ. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ, ನಿಗಾದಲ್ಲಿ ಇಡಲು ಹೇಳಿದ್ದರು. ಮೊದಲು ಎರಡು ಗಂಟೆ ಅರ್ಧರ್ಧ ಗಂಟೆಗೊಮ್ಮೆ, ಆಮೇಲೆ ನಾಲ್ಕು ಗಂಟೆ ಗಂಟೆಗೊಮ್ಮೆ. ಹನ್ನೊಂದೂವರೆಗೆ ಹೋದಾಗ ಕಣ್ಣು ಮುಚ್ಚಿದ್ದ. ಪಕ್ಕದಲ್ಲಿ ಕೂತಿದ್ದ ಅವನ ಅಮ್ಮ ಬೆರಳನ್ನು ತುಟಿಗಿಟ್ಟು ಅದೇ ಮಾತು ಹೇಳಿದರು, ಅಕ್ಷರ ಬಿಡದೆ. ನನಗೆ ಬೆನ್ನು ತಣ್ಣಗಾಯಿತು. ಭುಜ ಹಿಡಿದು ಎಬ್ಬಿಸಿದೆ. ಅವನು ಎದ್ದು ಕೂತ. ‘ಏನ್ ಸಿಸ್ಟರ್ ನೀವು, ಈಗ ತಾನೇ ಕಣ್ಣು ಹತ್ತಿತ್ತು’ ಎಂದು ಶುರು ಮಾಡಿದವನು ಟಾರ್ಚ್ ಹಾಕಿ ಮುಗಿಸುವವರೆಗೂ ಬೈಯುತ್ತಲೇ ಇದ್ದ. ಪಾಪೆ ಎರಡೂ 3. ಇ4 ವಿ5 ಎಂ6 ಎಂದು ಬರೆದೆ.

ಹನ್ನೆರಡೂವರೆಗೆ ಮತ್ತೆ ಹೋದೆ. ನನ್ನ ಚಪ್ಪಲಿ ಸದ್ದಿಗೇ ಕಣ್ಣು ಬಿಟ್ಟ. ನಾನು ಬಾಯಿ ತೆರೆಯುವ ಮೊದಲೇ ತನ್ನ ಹೆಸರು ಹೇಳಿ, ‘ಆಸ್ಪತ್ರೆ, ಜೂನ್’ ಎಂದು ಸೇರಿಸಿ, ನಾಲಿಗೆ ಹೊರಗೆ ಚಾಚಿ ತೋರಿಸಿದ.