ಗಾಣದ ಎಣ್ಣೆಯವರಿಗೆ ಯಾವ ರೀಚ್ ತೋರಿಸಬೇಕು?

ಹುಬ್ಬಳ್ಳಿಯಲ್ಲಿ ಅಡುಗೆ ರೀಲ್ಸ್ ಮಾಡುವವರೊಬ್ಬರು ಊರಿನ ಗಾಣದ ಎಣ್ಣೆ ಮಾರುವವರಿಗೆ ಪ್ರಚಾರಕ್ಕಾಗಿ ಪತ್ರ ಬರೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಇನ್‌ಸ್ಟಾಗ್ರಾಮ್‌ನಲ್ಲಿ 12,400 ಫಾಲೋವರ್ಸ್ ಇದ್ದಾರೆ. ಆದರೆ ಎಣ್ಣೆ ಮಾರುವವರಿಗೆ ಬೇಕಾದದ್ದು ತಮ್ಮ ಊರಿನ ಎಷ್ಟು ಜನ ನೋಡುತ್ತಾರೆ ಎಂಬ ಲೆಕ್ಕ.

ಇನ್‌ಸೈಟ್ಸ್ ತೆರೆದು ಕೊನೆಯ ಹತ್ತು ರೀಲ್‌ಗಳ ರೀಚ್ ಬರೆದುಕೊಳ್ಳಿ. ವ್ಯೂಸ್ ಬೇಡ, ಒಬ್ಬರೇ ಮೂರು ಸಲ ನೋಡಿದರೆ ವ್ಯೂಸ್ ಮೂರಾಗುತ್ತದೆ, ರೀಚ್ ಒಂದೇ. ಹತ್ತರ ರೀಚ್ ಹೀಗಿದೆ ಅನ್ನಿ: 2,100, 2,400, 2,600, 2,900, 3,100, 3,300, 3,600, 4,200, 4,800, ಮತ್ತೆ ವೈರಲ್ ಆದ ಒಂದು, 61,000. ಸರಾಸರಿ 9,000 ಬರುತ್ತದೆ. ಆ ಒಂದನ್ನು ಬಿಟ್ಟರೆ ಯಾವ ರೀಲ್ ಕೂಡ 5,000 ಮುಟ್ಟಿಲ್ಲ. 9,000 ಎಂದು ಬರೆದರೆ ಮೊದಲ ರೀಲ್‌ನಲ್ಲೇ ಮಾತು ತಪ್ಪುತ್ತದೆ. ಏರಿಕೆಯ ಕ್ರಮದಲ್ಲಿ ನಡುವಿನ ಎರಡರ ಸರಾಸರಿ ತೆಗೆದುಕೊಂಡರೆ 3,200. ಬರೆಯಬೇಕಾದದ್ದು ಇದನ್ನೇ.

ಎಂಗೇಜ್‌ಮೆಂಟ್‌ನಲ್ಲೂ ಒಂದು ಜಾಗ ಎಡವಿಸುತ್ತದೆ. 3,200 ರೀಚ್‌ನ ರೀಲ್ ಒಂದಕ್ಕೆ 140 ಲೈಕ್, 18 ಕಾಮೆಂಟ್, 34 ಸೇವ್, 16 ಶೇರ್ ಬಂದಿವೆ. ಕಾಮೆಂಟ್‌ಗಳಲ್ಲಿ ಏಳು ನಿಮ್ಮದೇ ಉತ್ತರಗಳು; ಕಳೆಯಿರಿ. ಉಳಿದದ್ದು 201, ಅಂದರೆ ರೀಚ್‌ನ 6.3%. ಫಾಲೋವರ್ಸ್‌ನಿಂದ ಭಾಗಿಸಿದರೆ 1.6% ಮಾತ್ರ. ಯಾವುದರಿಂದ ಭಾಗಿಸಿದ್ದೀರಿ ಎಂದು ಪಕ್ಕದಲ್ಲೇ ಬರೆಯಿರಿ, ಇಲ್ಲದಿದ್ದರೆ ಆ ಶೇಕಡಾವಾರಿಗೆ ಅರ್ಥವಿಲ್ಲ.

ಪತ್ರ ಇಷ್ಟಿದ್ದರೆ ಸಾಕು:

"ನಮಸ್ಕಾರ ಸರ್. ನನ್ನ ರೀಲ್ ಸಾಮಾನ್ಯವಾಗಿ 3,200 ಜನರನ್ನು ತಲುಪುತ್ತದೆ. ಒಂದು ರೀಲ್ 61,000 ಮುಟ್ಟಿತ್ತು, ಆದರೆ ಅದು ಸಾಮಾನ್ಯವಲ್ಲ. ನನ್ನ ವೀಕ್ಷಕರಲ್ಲಿ ಹುಬ್ಬಳ್ಳಿ, ಧಾರವಾಡದವರು ಸೇರಿ 38%, ಹಾಗಾಗಿ ಅಂದಾಜು 1,200 ಜನ ನಮ್ಮ ಕಡೆಯವರು. ಹಿಂದಿನ ಪ್ರಚಾರದ ರೀಲ್ 2,300 ಜನರನ್ನಷ್ಟೇ ತಲುಪಿತ್ತು. ಒಂದು ರೀಲ್, ಎರಡು ಸ್ಟೋರಿಗೆ ₹6,000 ಕೇಳುತ್ತಿದ್ದೇನೆ. 14 ದಿನದಲ್ಲಿ ರೀಚ್ 2,000 ದಾಟದಿದ್ದರೆ ಇನ್ನೆರಡು ಸ್ಟೋರಿ ಉಚಿತ. ರೀಲ್‌ನಲ್ಲಿ ಪೇಯ್ಡ್ ಪಾರ್ಟ್‌ನರ್‌ಶಿಪ್ ಎಂಬ ಗುರುತು ಇರುತ್ತದೆ. ಇನ್‌ಸೈಟ್ಸ್‌ನ ಸ್ಕ್ರೀನ್ ರೆಕಾರ್ಡಿಂಗ್ ಜೊತೆಗಿದೆ."

2,300ರ ಸಾಲನ್ನು ತೆಗೆಯಲು ಮನಸ್ಸಾಗುತ್ತದೆ. ತೆಗೆಯಬೇಡಿ, 2,000ದ ಭರವಸೆಯನ್ನು ನಂಬಿಸುವುದು ಅದೇ. ಪೇಯ್ಡ್ ಗುರುತಿನ ಬಗ್ಗೆ "ಬೇಡ" ಎಂದರೂ ಒಪ್ಪಬೇಡಿ, ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ 2021ರಿಂದ ಇದನ್ನು ಕೇಳುತ್ತಿದೆ.

₹6,000ವನ್ನು 1,200ರಿಂದ ಭಾಗಿಸಿದರೆ ಊರಿನ ಒಬ್ಬರಿಗೆ ₹5. ಚೌಕಾಸಿ ಈ ಲೆಕ್ಕದ ಮೇಲೆ ನಡೆಯಲಿ. "₹4,000 ಮಾಡಿ" ಎಂದರೆ ಸುಮ್ಮನೆ ಇಳಿಸಬೇಡಿ, ಎರಡೂ ಸ್ಟೋರಿ ತೆಗೆದು ರೀಲ್ ಮಾತ್ರ ಕೊಡಿ. ಅದೇ ವಿಡಿಯೊವನ್ನು ಅವರು ತಮ್ಮ ಜಾಹೀರಾತಿಗೂ ಬಳಸುವುದಾದರೆ ಎಷ್ಟು ತಿಂಗಳು, ಎಷ್ಟು ಹಣ ಎಂದು ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ದುಡ್ಡು ಕೊಟ್ಟು ಬೂಸ್ಟ್ ಮಾಡಿಸಿದರೆ ಆ ರೀಚ್ ಅನ್ನು ನಿಮ್ಮ 2,000ಕ್ಕೆ ಸೇರಿಸಬೇಡಿ.