ವಾಲ್ವ್ ತೆರೆಯೋದಾ, ಪಂಪ್ ಶುರು ಮಾಡೋದಾ: ಒಂದು ಮ್ಯಾಂಡರಿನ್ ವಾಕ್ಯ ನಂಗೆ ಕಲಿಸಿದ್ದು

ಮ್ಯಾಂಡರಿನ್‌ನಿಂದ ಕನ್ನಡಕ್ಕೆ ಮಷಿನ್ ಮ್ಯಾನ್ಯುಯಲ್ ಅನುವಾದ ಮಾಡೋದು ನನ್ನ ಕೆಲಸ. ಒಂದು ಪಂಪ್ ಸೆಟ್‌ನ ಸ್ಟಾರ್ಟಪ್ ಶೀಟ್ ಮಾಡಿ ಕೊಟ್ಟಿದ್ದೆ, ಕಮಿಷನಿಂಗ್ ದಿನ ನಾನೂ ವೀಡಿಯೊ ಕಾಲ್‌ನಲ್ಲಿದ್ದೆ. ಆಪರೇಟರ್ ನನ್ನ ಶೀಟ್ ನೋಡ್ಕೊಂಡೇ ಒಂದೊಂದೇ ಹೆಜ್ಜೆ ಮಾಡ್ತಿದ್ರು. ಔಟ್‌ಲೆಟ್ ವಾಲ್ವ್ ಮುಚ್ಚಿದ್ರು, ಪಂಪಿನೊಳಗಿನ ಗಾಳಿ ಹೊರಗೆ ಬಿಟ್ರು, ವಾಲ್ವ್ ಪೂರ್ತಿ ತೆರೆದ್ರು, ಆಮೇಲೆ ಸ್ಟಾರ್ಟ್ ಒತ್ತಿದ್ರು. ಮೋಟಾರ್ ಸ್ವಲ್ಪ ಹೊತ್ತು ಜೋರಾಗಿ ಗುಂಯ್‌ಗುಟ್ಟಿ ನಿಂತೇಬಿಡ್ತು, ಓವರ್‌ಲೋಡ್ ಟ್ರಿಪ್. ರಿಸೆಟ್ ಮಾಡಿ ಇನ್ನೊಂದ್ಸಲ ನೋಡಿದ್ರು, ಮತ್ತೆ ಅದೇ. "ಮೇಡಂ, ಇಲ್ಲಿ ಬರ್ದಿರೋ ಹಾಗೇ ಮಾಡಿದೀವಲ್ವಾ?" ಅಂದ್ರು. ನಾನೂ ಹೌದು, ಸರಿಯಾಗಿದೆ ಅಂದೆ. ವೈರಿಂಗ್ ಚೆಕ್ ಮಾಡೋಕೆ ಹೋದ್ರು. ಅವರು ವೈರ್ ಬಿಚ್ಚಿ ನೋಡ್ತಿರೋ ಆ ಇಪ್ಪತ್ತು ನಿಮಿಷದಲ್ಲಿ ನಾನು ಸುಮ್ನೆ ಮೂಲ ತೆಗೆದು ಜೋರಾಗಿ ಓದಿಕೊಂಡೆ, ಆಗ ಹೊಟ್ಟೆ ತೊಳಸಿದಂಗಾಯ್ತು.

ಮೂಲದಲ್ಲಿ ಇದ್ದದ್ದು ಇದು: "ಝ ತಾಯ್ ಬಂಗ್, ಛುಕೌ ಫಾ ಗ್ವಾನ್ ಝ, ಕುಂಗ್‌ಛಿ ಫಾಯ್ ವಾನ್ ಲ ಝಾಯ್ ಕಾಯ್." ಪದಪದವಾಗಿ ಹಿಡಿದ್ರೆ: ಈ ಪಂಪ್, ಔಟ್‌ಲೆಟ್ ವಾಲ್ವ್ ಮುಚ್ಚಿದ ಸ್ಥಿತಿ, ಗಾಳಿ ಹೋಗಿ ಮುಗಿದ ಮೇಲೆ, ಕಾಯ್. ಈ ಕೊನೇ ಕಾಯ್‌ಗೆ ವಾಲ್ವ್ ಆದ್ರೆ ತೆರೆ ಅಂತ ಅರ್ಥ, ಮಷಿನ್ ಆದ್ರೆ ಚಾಲೂ ಮಾಡು ಅಂತ ಅರ್ಥ. ಯಾವುದನ್ನ ಅಂತ ಆ ಜಾಗದಲ್ಲಿ ಹೇಳಿಲ್ಲ, ಹೇಳೋದೂ ಬೇಕಿಲ್ಲ, ಯಾಕಂದ್ರೆ ಶುರುವಲ್ಲೇ "ಈ ಪಂಪ್" ಅಂತ ವಿಷಯ ಇಟ್ಟಾಗಿದೆ, ಕೊನೇತನಕ ಎಲ್ಲಾ ಮಾತೂ ಅದರ ಬಗ್ಗೇನೇ.

ನಾನು ಮಾಡಿದ್ದೇನು ಅಂದ್ರೆ, ಕಾಯ್‌ಗೆ ಹತ್ತಿರ ಕಂಡ ವಸ್ತು ವಾಲ್ವ್, ಮುಚ್ಚು ಅಂತ ಬಂದಿದೆಯಲ್ಲ, ಇನ್ನು ತೆರೆ ಅಂತಾನೇ ಇರ್ಬೇಕು ಅಂತ "ಗಾಳಿ ಪೂರ್ತಿ ಹೋದ ಮೇಲೆ ತೆರೆಯಿರಿ" ಅಂತ ಬರೆದೆ. ಸೆಂಟ್ರಿಫ್ಯೂಗಲ್ ಪಂಪ್ ಅದು, ನೀರು ಜಾಸ್ತಿ ಹರಿದಷ್ಟೂ ಮೋಟಾರ್ ಮೇಲೆ ಲೋಡ್ ಜಾಸ್ತಿ. ಮುಂದಿನ ಪೈಪ್ ಖಾಲಿ, ತಡೆಯೋಕೆ ಏನೂ ಇಲ್ಲ, ವಾಲ್ವ್ ಪೂರ್ತಿ ತೆರೆದಿದೆ, ಟ್ರಿಪ್ ಆಗದೇ ಇನ್ನೇನಾಗತ್ತೆ. ಅದನ್ನ ವಾಲ್ವ್ ಮುಚ್ಚಿಟ್ಟು ಸ್ಟಾರ್ಟ್ ಮಾಡಿ, ಸ್ಪೀಡ್ ಬಂದ ಕೂಡಲೇ ನಿಧಾನಕ್ಕೆ ತೆರೀಬೇಕು.

ಅನುವಾದಕ್ಕೆ ಬಳಸೋ ಟೂಲ್ ಬಗ್ಗೆ ನಂಗೆ ಕೋಪಾನೂ ಇದೆ. ನಮ್ಮಲ್ಲಿ ಪಠ್ಯನ ತುಂಡು ಮಾಡೋ ಸೆಗ್ಮೆಂಟೇಶನ್ ರೂಲ್‌ನ ಕಾಮಾಕ್ಕೂ ಒಡೆಯೋ ಹಾಗೆ ಸೆಟ್ ಮಾಡಿಟ್ಟಿದ್ರು, ಆ ಒಂದು ವಾಕ್ಯ ಮೂರು ಸೆಗ್ಮೆಂಟ್ ಆಗಿ ಬಂದಿತ್ತು. "ಈ ಪಂಪ್" ಅನ್ನೋದಷ್ಟೇ ಒಂದು ಬಾಕ್ಸ್‌ನಲ್ಲಿ ಒಂಟಿಯಾಗಿ ಕೂತಿತ್ತು, ಅರ್ಥವಿಲ್ಲದ ತುಂಡು ಅಂದ್ಕೊಂಡು ನಾನೇ ಅದನ್ನ ಖಾಲಿ ಬಿಟ್ಟು ಕನ್ಫರ್ಮ್ ಮಾಡಿದ್ದೆ. ರೂಲ್ ಬದಲಾಯಿಸಿ ಅಂತ ಎರಡು ಸಲ ಹೇಳಿದ್ರೂ ಆಗಿರ್ಲಿಲ್ಲ, ಆದ್ರೆ ಖಾಲಿ ಬಿಟ್ಟಿದ್ದು ನಂದೇ ತಪ್ಪು.

ಈಗ ನಾನು ಇಂಥ ವಾಕ್ಯ ಬಂದ್ರೆ ಕೊನೇ ಕ್ರಿಯಾಪದದಿಂದ ಶುರು ಮಾಡ್ತೀನಿ. ಮ್ಯಾಂಡರಿನ್‌ನಲ್ಲಿ ಮುಂದಿಟ್ಟ ವಿಷಯಕ್ಕೆ ವಿಭಕ್ತಿ ಇಲ್ಲ, ಬರೀ "ಈ ಪಂಪ್" ಅಂತ ಇಟ್ಟು ಮುಂದೆ ಹೋಗಬಹುದು. ಕನ್ನಡದಲ್ಲೂ ವಿಷಯನ ಮುಂದಿಡಬಹುದು, ಅದೇನೂ ಕಷ್ಟ ಅಲ್ಲ, ಆದ್ರೆ ಪಂಪನ್ನ, ಪಂಪಿಗೆ, ಪಂಪಿನ ಇದರಲ್ಲಿ ಯಾವುದು ಅಂತ ತೀರ್ಮಾನ ಮಾಡೋದು ವಾಕ್ಯದ ತುದೀಲಿರೋ ಕ್ರಿಯಾಪದ. ಅದು ಗೊತ್ತಾಗೋ ಮುಂಚೆ ಮೊದಲ ಪದಾನೂ ಬರೆಯೋಕಾಗಲ್ಲ. ಆಮೇಲೆ ಮಧ್ಯದ ಕ್ರಿಯೆಗಳು. ಮುಚ್ಚಿಡೋದು ಆಪರೇಟರ್, ಸ್ಟಾರ್ಟ್ ಮಾಡೋದೂ ಆಪರೇಟರ್, ಅದಕ್ಕೆ "ಮುಚ್ಚಿಟ್ಟುಕೊಂಡು" ಸರಿಹೋಗತ್ತೆ. ಹೋಗೋದು ಮಾತ್ರ ಗಾಳಿ, ಕರ್ತೃ ಬೇರೆ, ಅಲ್ಲಿ "ಹೋಗಿ" ಅಂತ ಪೋಣಿಸೋಕಾಗಲ್ಲ, "ಹೋದ ಮೇಲೆ" ಆಗಬೇಕು. ಹೀಗೆ ಬಂತು: "ಈ ಪಂಪನ್ನ ಔಟ್‌ಲೆಟ್ ವಾಲ್ವ್ ಮುಚ್ಚಿಟ್ಟುಕೊಂಡು, ಗಾಳಿಯೆಲ್ಲ ಹೋದ ಮೇಲೆ ಸ್ಟಾರ್ಟ್ ಮಾಡಿ."

ವ್ಯಾಕರಣ ಸರಿಯಾಯ್ತು, ಆದ್ರೆ ಗದ್ದಲದಲ್ಲಿ ನಿಂತು ಓದೋರಿಗೆ "ಪಂಪನ್ನ" ಒಂದು ಕಡೆ, "ಸ್ಟಾರ್ಟ್" ಎಲ್ಲೋ ಇನ್ನೊಂದು ಕಡೆ. ಅದಕ್ಕೆ ಒಡೆದೆ: "ಔಟ್‌ಲೆಟ್ ವಾಲ್ವ್ ಮುಚ್ಚಿರಲಿ. ಗಾಳಿಯೆಲ್ಲ ಹೋದ ಮೇಲೆ ಪಂಪ್ ಸ್ಟಾರ್ಟ್ ಮಾಡಿ."

ಕಾಲ್‌ನಲ್ಲೇ ಓದಿ ಹೇಳಿದೆ, ಪಂಪ್ ಓಡ್ತು. ಆಗ ಆಪರೇಟರ್ ಕೇಳಿದ್ರು, "ಪಕ್ಕದ ಗೇರ್ ಪಂಪಿಗೂ ಇದೇನಾ ಮೇಡಂ?" ನಂಗೆ ಜೀವ ಬಾಯಿಗೆ ಬಂತು. ಗೇರ್ ಪಂಪನ್ನ ಔಟ್‌ಲೆಟ್ ಮುಚ್ಚಿ ಸ್ಟಾರ್ಟ್ ಮಾಡಿದ್ರೆ ಎಣ್ಣೆಗೆ ಹೋಗೋಕೆ ದಾರಿ ಇರಲ್ಲ, ಒತ್ತಡ ಏರ್ತಾನೇ ಹೋಗತ್ತೆ, ಜಾಸ್ತಿಯಾದ ಒತ್ತಡ ಬಿಡೋ ರಿಲೀಫ್ ವಾಲ್ವ್ ಕೈಕೊಟ್ರೆ ಸೀಲೋ ಪೈಪೋ ಒಡೆಯತ್ತೆ. ಬರೆದೋರು "ಈ ಪಂಪ್" ಅಂತ ಮುಂದಿಟ್ಟಿದ್ದೇ ಆ ಇನ್ನೊಂದರಿಂದ ಬೇರೆ ಮಾಡೋಕೆ, ನಾನು ಒಡೆಯೋವಾಗ ಅದನ್ನೇ ಎರಡನೇ ಸಲ ಬಿಟ್ಟಿದ್ದೆ. ಕಾಲ್ ಕಟ್ ಮಾಡೋ ಮುಂಚೆ ಶೀಟ್ ತಿದ್ದಿ ಕಳಿಸಿದೆ: "ಈ ಪಂಪಿಗೆ ಮಾತ್ರ: ಔಟ್‌ಲೆಟ್ ವಾಲ್ವ್ ಮುಚ್ಚಿರಲಿ."